"ತಾಳಿದವನು ಬಾಳಿಯಾನು" ಎನ್ನುತ್ತಾರೆ ಅತ್ತೆ. ಗಂಡ ಟೊರಾಂಟೊದಲ್ಲಿ, ನಾನು ಕಾಪುವಿನಲ್ಲಿ: ಈ ಗಾದೆಗಳು ನಮಗೆ ಹೊಂದುತ್ತವೆಯೇ?

ಕಾಪುವಿನ ಸೊಸೆ · ಗುರುವಾರ ರಾತ್ರಿ 9:10

ನಮ್ಮ ಮದುವೆಯಾಗಿ ಬರುವ ತಿಂಗಳಿಗೆ ಎರಡು ವರ್ಷ. ಒಟ್ಟಿಗೆ ಇದ್ದ ದಿನಗಳನ್ನು ಎಣಿಸಿದರೆ 61. ಗಂಡ ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನಲ್ಲಿದ್ದಾರೆ, ನಾನು ಇಲ್ಲಿ ಅತ್ತೆಯ ಜೊತೆ. ದಿನಾ ಬಸ್ಸಿನಲ್ಲಿ ಉಡುಪಿಗೆ ಹೋಗಿ ಕೆಲಸ ಮಾಡಿ ಬರುತ್ತೇನೆ. ನನ್ನನ್ನು ಕರೆಸಿಕೊಳ್ಳುವ ಅರ್ಜಿ ಹಾಕಿ 7 ತಿಂಗಳಾಯಿತು.

ಕಳೆದ ಭಾನುವಾರ ನಡೆದದ್ದನ್ನು ಹೇಳುತ್ತೇನೆ. ಪ್ರತಿ ಭಾನುವಾರ ರಾತ್ರಿ 8ಕ್ಕೆ ನಾವು ಮುಖ ನೋಡಿಕೊಂಡು ಮಾತನಾಡುವುದು ರೂಢಿ. ಅಲ್ಲಿ ಆಗ ಬೆಳಿಗ್ಗೆ 10:30. ಈ ಸಲ 8 ಆಯಿತು, 8:30 ಆಯಿತು, ಕರೆ ಇಲ್ಲ. ನಾನು ಮಾಡಿದರೆ ಎತ್ತಲಿಲ್ಲ. 9ಕ್ಕೆ ಅವರೇ ಕರೆ ಮಾಡಿ, "ಏನು ಇಷ್ಟು ಸಲ ಮಾಡಿದ್ದೀಯಾ? ನಾನು ಸಮಯಕ್ಕೆ ಸರಿಯಾಗಿಯೇ ಮಾಡಿದ್ದೇನಲ್ಲ" ಎಂದರು. ಒಂದು ಗಂಟೆ ಕಾದು ಕುಳಿತವಳಿಗೆ ಆ ಮಾತು ಹೇಗಾಗಬೇಕು? ನಾನು ಆಡಬಾರದ್ದನ್ನು ಆಡಿದೆ, ಅವರೂ ಆಡಿದರು. 9:20ಕ್ಕೆ ಕರೆ ಕಡಿಯಿತು. ಮರುದಿನ ಬೆಳಿಗ್ಗೆ 6ಕ್ಕೆ ಎದ್ದಾಗ ನನ್ನ ಸಿಟ್ಟು ಇಳಿದಿತ್ತು. ಅಂಗಳದಲ್ಲಿ ಅರಳಿದ ಸೇವಂತಿಗೆಯ ಚಿತ್ರ ತೆಗೆದು ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ನಿನಗೆ ಹೂವು ಕಾಣುತ್ತದೆ, ನಾನು ಕಾಣುವುದಿಲ್ಲ." ಅಲ್ಲಿಂದ ಇವತ್ತಿನವರೆಗೆ ಎರಡೆರಡು ಪದದ ಸಂದೇಶ ಬಿಟ್ಟರೆ ಮಾತಿಲ್ಲ.

ನಾನು ಸರಿಯಾಗಿ ಊಟ ಮಾಡದ್ದನ್ನು ಕಂಡು ಅತ್ತೆ, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ತಾಳಿದವನು ಬಾಳಿಯಾನು ಮಗಾ" ಎಂದರು. ನನಗೆ ತಡೆಯಲಾಗಲಿಲ್ಲ. "ಒಬ್ಬರು ಉಣ್ಣುವಾಗ ಇನ್ನೊಬ್ಬರು ಕೆಲಸದಲ್ಲಿ ಇರುತ್ತಾರೆ, ಒಬ್ಬರು ಮಲಗುವಾಗ ಇನ್ನೊಬ್ಬರು ಏಳುತ್ತಾರೆ. ಈ ಗಾದೆ ನಮಗೆ ಹೇಗೆ ಹೊಂದುತ್ತದೆ ಅತ್ತೆ?" ಎಂದುಬಿಟ್ಟೆ. ಅವರು ಏನೂ ಹೇಳದೆ ಒಳಗೆ ಹೋದರು. ಅದೂ ಈಗ ಚುಚ್ಚುತ್ತಿದೆ.

ಬೇರೆ ಬೇರೆ ದೇಶಗಳಲ್ಲಿ ಸಂಸಾರ ಮಾಡಿದವರು ಇಲ್ಲಿ ಅನೇಕರಿದ್ದೀರಿ. ತಾಳ್ಮೆಯ ಬಗ್ಗೆ ಹಿರಿಯರು ಹೇಳುವ ಈ ಮಾತುಗಳಲ್ಲಿ ನಿಮ್ಮ ಕೈಹಿಡಿದದ್ದು ಯಾವುದು, ಕೈಬಿಟ್ಟದ್ದು ಯಾವುದು?

---

ಬಿಜೈ ರಸ್ತೆ · ರಾತ್ರಿ 9:22

ಆ ಗಾದೆ ಮೂಲದಲ್ಲಿ ಮದುವೆಯದ್ದೇ ಅಕ್ಕ. ತಾಳಿ ಕಟ್ಟಿದವನು ಬಾಳುತ್ತಾನೆ ಎಂದು. ತಾಳಿ, ಬಾಳು, ಎರಡೂ ಇದೆಯಲ್ಲ. ನಿಮಗೆ ಸರಿಯಾಗಿ ಹೊಂದುತ್ತದೆ.

---

ಕುಂದಾಪುರದ ಮೇಷ್ಟ್ರು · ರಾತ್ರಿ 9:48

ಬಿಜೈಯವರೇ, ಪ್ರಾಸ ಚೆನ್ನಾಗಿದೆ, ಅರ್ಥ ಹಾಗಿಲ್ಲ. ಇಲ್ಲಿರುವುದು "ತಾಳು" ಎಂಬ ಕ್ರಿಯಾಪದ. ಸಹಿಸು, ಕಾಯು, ಹೊರು ಎಂಬ ಮೂರೂ ಅರ್ಥ ಅದಕ್ಕುಂಟು. "ಈ ತೊಲೆ ಇಷ್ಟು ಭಾರ ತಾಳುವುದಿಲ್ಲ" ಎನ್ನುತ್ತೇವಲ್ಲ, ಅದೇ ತಾಳು. ಕೊರಳಿನ ತಾಳಿಗೂ ಇದಕ್ಕೂ ಸಂಬಂಧವಿಲ್ಲ.

ತಂಗಿಗೆ ಒಂದು ಮಾತು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ್ದೇನೆ, ಈ ಗಾದೆಯನ್ನು ಜನ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ. "ಬಾಳುತ್ತಾನೆ" ಎಂದು ಗಾದೆ ಹೇಳಿಲ್ಲ, "ಬಾಳಿಯಾನು" ಎಂದಿದೆ. ಅದು ಸಂಭಾವನಾರ್ಥಕ. "ಮಳೆ ಬಂದೀತು, ಕೊಡೆ ತೆಗೆದುಕೊಂಡು ಹೋಗು" ಎನ್ನುವಾಗ ಮಳೆ ಬಂದೇ ಬರುತ್ತದೆ ಎಂದು ಯಾರೂ ಆಣೆ ಇಡುವುದಿಲ್ಲ. ತಾಳಿದರೆ ಬಾಳುವ ಸಾಧ್ಯತೆ ಇದೆ, ಅಷ್ಟೇ. ಇದನ್ನು ಆಶ್ವಾಸನೆ ಎಂದುಕೊಂಡು ಕುಳಿತವರಿಗೆ ಕೊನೆಗೆ ಗಾದೆಯ ಮೇಲೇ ಸಿಟ್ಟು ಬರುತ್ತದೆ.

---

ಸುರತ್ಕಲ್ ಸಂಜೆ · ರಾತ್ರಿ 9:55

"ತಾಳಿದವನು" ಎಂದು ಗಂಡಸಿನ ರೂಪದಲ್ಲಿದೆ. ಆದರೆ ಈ ಮಾತನ್ನು ಗಂಡಸರಿಗೆ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನನ್ನ ಅಮ್ಮನಿಗೆ ಹೇಳಿದರು, ನನ್ನ ಅಕ್ಕನಿಗೆ ಹೇಳಿದರು, ನನಗೂ ಹೇಳಿದರು.

---

ಬಿಜೈ ರಸ್ತೆ · ರಾತ್ರಿ 10:03

ಮೇಷ್ಟ್ರೇ, ತಾಳಿಯ ವಿಷಯ ಒಪ್ಪಿದೆ. ಆದರೆ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎನ್ನುವಾಗ ಬಗ್ಗುವುದೇ ಇಲ್ಲ ಎಂದು ಖಂಡಿತವಾಗಿ ಹೇಳುತ್ತಿದ್ದೇವೆ. ಅಲ್ಲಿಯೂ ಅದೇ ರೂಪ ಇದೆಯಲ್ಲ? ಗಾದೆಯಲ್ಲಿ ಆ ರೂಪ ಬಂದರೆ ಅದು ಖಚಿತವೇ.

---

ಕುಂದಾಪುರದ ಮೇಷ್ಟ್ರು · ರಾತ್ರಿ 10:11

ಅಲ್ಲಿ ಕೊನೆಗೆ ಪ್ರಶ್ನೆಯ "ಏ" ಇದೆ. ಸಾಧ್ಯವೇ ಎಂದು ಕೇಳಿ ಇಲ್ಲ ಎನ್ನಿಸುವುದು ಆ ಗಾದೆಯ ಬಗೆ. ಖಚಿತತೆ ಬಂದದ್ದು ಪ್ರಶ್ನೆಯಿಂದ, ಕ್ರಿಯಾಪದದಿಂದಲ್ಲ.

---

ದೇರಾದ ಬಂಟ್ವಾಳ · ರಾತ್ರಿ 10:20

ವ್ಯಾಕರಣ ಸಾಕು ಮಾರಾಯರೇ, ಆ ತಂಗಿ ಊಟ ಬಿಟ್ಟು ಕುಳಿತಿದ್ದಾಳೆ.

ನಾನು ದುಬೈಗೆ ಬಂದು 14 ವರ್ಷ. ಹೆಂಡತಿ, ಇಬ್ಬರು ಮಕ್ಕಳು ಬಂಟ್ವಾಳದಲ್ಲಿ. ಕುಟುಂಬವನ್ನು ಕರೆಸಿಕೊಳ್ಳಲು ಇಲ್ಲಿ ತಿಂಗಳಿಗೆ 4,000 ದಿರಹಂ ಸಂಬಳ ಬೇಕು, ಅಥವಾ 3,000 ಮತ್ತು ಕಂಪನಿಯ ವಸತಿ. ಅಷ್ಟು ಬರಲು ಶುರುವಾಗುವ ಹೊತ್ತಿಗೆ ಮಕ್ಕಳು ಊರಿನ ಶಾಲೆಯಲ್ಲಿ ಬೇರು ಬಿಟ್ಟಿದ್ದರು, ಹಾಗೆಯೇ ಉಳಿದೆವು. ನಮ್ಮಲ್ಲಿ ಜಗಳ ಇಲ್ಲವೆಂದಲ್ಲ. ಆದರೆ "ಉಂಡು ಮಲಗುವ ತನಕ" ಎಂಬುದು ನಮಗೆ ಸುಳ್ಳಾಗಲಿಲ್ಲ. ಅವಳು ರಾತ್ರಿ 10ಕ್ಕೆ ಮಲಗುವಾಗ ಇಲ್ಲಿ 8:30. ನಾನು ಅಡುಗೆ ಮುಗಿಸಿ ತಟ್ಟೆ ಹಾಕಿಕೊಳ್ಳುವ ಹೊತ್ತು. ಒಂದೇ ರಾತ್ರಿಯಲ್ಲಿ ಇಬ್ಬರದ್ದೂ ಇಳಿಯುತ್ತದೆ. ಮೊದಲು ನನ್ನ ರಜೆ ಶುಕ್ರವಾರ, ಅವಳಿಗೆ ಮಕ್ಕಳಿಂದ ಬಿಡುವು ಸಿಗುವುದು ಭಾನುವಾರ. 2022ರ ಜನವರಿಯಿಂದ ಇಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂತು, ನಮ್ಮ ಕಂಪನಿಯೂ ಬದಲಿಸಿತು. ಆ ಒಂದು ಬದಲಾವಣೆಯಿಂದ ನಮ್ಮ ಜಗಳ ಅರ್ಧ ಕಡಿಮೆಯಾಯಿತು ಎಂದರೆ ನಂಬಿ.

ಆದ್ದರಿಂದ ಗಾದೆ ಸರಿಯಾಗಿಯೇ ಇದೆ. ಈಗಿನವರಿಗೆ ತಾಳ್ಮೆ ಕಡಿಮೆ.

---

ಸುರತ್ಕಲ್ ಸಂಜೆ · ರಾತ್ರಿ 10:24

ಒಂದೂವರೆ ಗಂಟೆಯ ಅಂತರದವರು ಹತ್ತೂವರೆ ಗಂಟೆಯ ಅಂತರದವರಿಗೆ ತಾಳ್ಮೆ ಕಡಿಮೆ ಎನ್ನುವುದು ನ್ಯಾಯವಲ್ಲ ಅಣ್ಣ.

---

ಮದುವೆಮನೆ ಕಾರ್ಕಳ · ರಾತ್ರಿ 10:31

ನನ್ನ ಅಣ್ಣ ಅತ್ತಿಗೆಯ ಐದನೇ ವಾರ್ಷಿಕೋತ್ಸವ. ಅಣ್ಣ ಮಸ್ಕತ್‌ನಲ್ಲಿ. ಕೇಕಿನ ಮೇಲೆ ಬರೆಸಲು ತಾಳ್ಮೆಯ ಬಗ್ಗೆ ಒಂದು ಚಿಕ್ಕ ಸಾಲು ಬೇಕು, ಐದಾರು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲವಂತೆ. ಭಾನುವಾರದೊಳಗೆ ಹೇಳಿದರೆ ಉಪಕಾರ.

---

ಪಡುಬಿದ್ರಿ ರಾತ್ರಿಪಾಳಿ · ರಾತ್ರಿ 10:58

ಕಾಪುವಿನ ತಂಗಿ, ನಾನು ಟೊರಾಂಟೊದಲ್ಲಿ ದಾದಿಯಾಗಿ ನಾಲ್ಕು ವರ್ಷ ಒಬ್ಬಳೇ ಇದ್ದವಳು, ಗಂಡ ಪಡುಬಿದ್ರಿಯಲ್ಲಿ. ನಿಮ್ಮ ಬರಹವನ್ನು ಎರಡು ಸಲ ಓದಿದೆ. ಮೊದಲು ಒಂದು ವಿಷಯ ತಿಳಿದುಕೊಳ್ಳಿ: ನಿಮ್ಮ ಗಂಡ ತಡ ಮಾಡಲಿಲ್ಲ, ನೀವು ಅವಸರ ಮಾಡಲೂ ಇಲ್ಲ. ಕಳೆದ ಭಾನುವಾರ ನವೆಂಬರಿನ ಮೊದಲ ಭಾನುವಾರ. ಆ ದಿನ ನಸುಕಿನಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಶನಿವಾರದವರೆಗೆ ನಿಮಗೂ ಅವರಿಗೂ ಒಂಬತ್ತೂವರೆ ಗಂಟೆಯ ಅಂತರ, ಭಾನುವಾರದಿಂದ ಹತ್ತೂವರೆ. ಅವರ ಮೊಬೈಲ್ ತಾನಾಗಿಯೇ ಬದಲಾಯಿತು. ಅವರು ಎಂದಿನಂತೆ 10:30ಕ್ಕೆ ಕರೆ ಮಾಡಿದರು. ಕಾಪುವಿನಲ್ಲಿ ಆಗ 9 ಗಂಟೆ. ನೀವಿಬ್ಬರೂ ಹೇಳಿದ ಸಮಯಕ್ಕೇ ಇದ್ದಿರಿ.

ಈಗ ಅತ್ತೆಯ ಗಾದೆಗೆ ಬರುತ್ತೇನೆ. ಅದು ಕೆಲಸ ಮಾಡುವುದು ಹೇಗೆ ಎಂದು ನೋಡಿ. ಒಂದೇ ಮನೆಯಲ್ಲಿ ಜಗಳವಾದರೆ ಇಬ್ಬರ ಸಿಟ್ಟೂ ಒಂದೇ ಹೊತ್ತಿಗೆ ಹುಟ್ಟಿ, ಒಂದೇ ಊಟ, ಒಂದೇ ರಾತ್ರಿ ದಾಟಿ, ಒಂದೇ ಬೆಳಗಿಗೆ ಇಳಿದಿರುತ್ತದೆ. ನಿಮ್ಮಲ್ಲಿ ಆದದ್ದು ಬೇರೆ. ಜಗಳ ಮುಗಿದದ್ದು ನಿಮ್ಮ 9:20, ಅವರ ಬೆಳಿಗ್ಗೆ 10:50. ನೀವು ಮಲಗಿದಿರಿ. ಅವರ ಮುಂದೆ ಇಡೀ ಹಗಲು ಇತ್ತು, ಅದೂ ರಜೆಯ ಹಗಲು, ಒಬ್ಬರೇ. ನೀವು 6ಕ್ಕೆ ಎದ್ದು ಹೂವು ಕಳುಹಿಸುವಾಗ ಅವರಿಗೆ ಇನ್ನೂ ಅದೇ ಭಾನುವಾರದ ಸಂಜೆ 7:30. ನಿಮ್ಮ ಜಗಳಕ್ಕೆ ಒಂದು ರಾತ್ರಿ ಕಳೆದಿತ್ತು, ಅವರ ಜಗಳಕ್ಕೆ ಒಂದೂ ರಾತ್ರಿ ಕಳೆದಿರಲಿಲ್ಲ. ಸಿಟ್ಟು ಕುದಿಯುತ್ತಿರುವವನ ಎದುರು ಸೇವಂತಿಗೆ ಬಂದರೆ ಇವಳಿಗೆ ಏನೂ ಅನ್ನಿಸಲೇ ಇಲ್ಲ ಎಂದೇ ಕಾಣುತ್ತದೆ.

ನಮ್ಮ ಮನೆಯಲ್ಲಿ ಇದು ಮೂರು ನಾಲ್ಕು ಸಲ ಆದ ಮೇಲೆ ಗಂಡನೇ ಗಾದೆಗೆ ಒಂದು ಪದ ಸೇರಿಸಿದರು: "ಇಬ್ಬರೂ ಉಂಡು ಮಲಗುವ ತನಕ." ಜಗಳವಾದರೆ ಇಬ್ಬರೂ ಒಂದೊಂದು ರಾತ್ರಿ ನಿದ್ದೆ ಮಾಡುವವರೆಗೆ ಆ ವಿಷಯ ಎತ್ತಬಾರದು, ಸಮಾಧಾನದ ಮಾತೂ ಬೇಡ, ಹೂವೂ ಬೇಡ. ನಿಮ್ಮ ಲೆಕ್ಕದಲ್ಲಿ ಅದು ಎಷ್ಟು? ಅವರು ರಾತ್ರಿ 11ಕ್ಕೆ ಮಲಗಿದರೆ ನಿಮಗೆ ಸೋಮವಾರ ಬೆಳಿಗ್ಗೆ 9:30. ಅವರು 6:30ಕ್ಕೆ ಎದ್ದರೆ ನಿಮಗೆ ಸಂಜೆ 5. ಅಂದರೆ ಜಗಳ ಮುಗಿದು ಸುಮಾರು 20 ಗಂಟೆ. ತಾಳು ಎಂದು ಬರಿದೇ ಹೇಳಿದರೆ ತಾಳಲು ಆಗುವುದಿಲ್ಲ, ಸಂಜೆ 5ರವರೆಗೆ ತಾಳು ಎಂದರೆ ಯಾರೂ ತಾಳಬಲ್ಲರು.

---

ಕಾಪುವಿನ ಸೊಸೆ · ರಾತ್ರಿ 11:06

ಗಡಿಯಾರದ ವಿಷಯ ಓದಿ ಕೈ ನಡುಗಿತು ಅಕ್ಕ. ಅವರು ಸಮಯಕ್ಕೆ ಸರಿಯಾಗಿಯೇ ಮಾಡಿದ್ದೇನೆ ಎಂದದ್ದು ನಿಜವೇ ಆಗಿತ್ತು. ಕಳೆದ ವರ್ಷ ಈ ಹೊತ್ತಿಗೆ ಅವರು ಊರಿಗೆ ಬಂದಿದ್ದರು, ಹಾಗಾಗಿ ನನಗೆ ಗೊತ್ತಾಗಲೇ ಇಲ್ಲ.

---

ಕೊಡಿಯಾಲಬೈಲ್ · ರಾತ್ರಿ 11:15

ರಾತ್ರಿಪಾಳಿಯವರೇ, 20 ಗಂಟೆ ಮಾತಿಲ್ಲದೆ ಇರುವುದನ್ನು ನಾನು ಒಪ್ಪುವುದಿಲ್ಲ. ಜಗಳವನ್ನು ಆ ಕ್ಷಣವೇ ಮಾತನಾಡಿ ಮುಗಿಸಬೇಕು. ಫೋನ್ ಇಟ್ಟರೆ ಬೆಳೆಯುತ್ತದೆ.

---

ದೇರಾದ ಬಂಟ್ವಾಳ · ರಾತ್ರಿ 11:19

ಮಾತು ಬೆಳ್ಳಿ, ಮೌನ ಬಂಗಾರ. ಸುಮ್ಮನಿದ್ದರೆ ಎಲ್ಲವೂ ಸರಿಯಾಗುತ್ತದೆ.

---

ಪಡುಬಿದ್ರಿ ರಾತ್ರಿಪಾಳಿ · ರಾತ್ರಿ 11:34

ನೀವಿಬ್ಬರೂ ಹೇಳುತ್ತಿರುವುದು ಒಂದೇ ಮನೆಯಲ್ಲಿ ಇರುವವರಿಗೆ ಸರಿ.

ಬಂಟ್ವಾಳದ ಅಣ್ಣ, ಮನೆಯೊಳಗಿನ ಮೌನಕ್ಕೆ ಸದ್ದು ಇರುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ಇಡುವ ರೀತಿ, ಬಾಗಿಲು ಮುಂದಕ್ಕೆ ತಳ್ಳುವ ರೀತಿ, ಕೊನೆಗೆ ಮಾತಿಲ್ಲದೆ ಎದುರಿಗೆ ಬಂದ ಕಾಫಿ ಲೋಟ. ಅದನ್ನೆಲ್ಲ ನೋಡಿಯೇ ಸಿಟ್ಟು ಎಷ್ಟು ಇಳಿದಿದೆ ಎಂದು ತಿಳಿಯುತ್ತೇವೆ. ಫೋನಿನಲ್ಲಿ ಮೌನ ಎಂದರೆ ಸಂದೇಶದ ಪಕ್ಕದಲ್ಲಿ ಎರಡು ನೀಲಿ ಗೆರೆ, ಅಷ್ಟೇ. ನೋಡಿದ್ದಾನೆ, ಉತ್ತರಿಸಿಲ್ಲ. ಉಳಿದದ್ದನ್ನೆಲ್ಲ ನಮ್ಮ ಭಯ ತುಂಬಿಸುತ್ತದೆ. ಆದ್ದರಿಂದ ದೂರದವರು ಮೌನವನ್ನು ಹೇಳಿಯೇ ಹಿಡಿಯಬೇಕು. ನಾವು ಕಳುಹಿಸುತ್ತಿದ್ದದ್ದು ಇಷ್ಟೇ: "ಸಿಟ್ಟು ಇದೆ. ನಾಳೆ ನಿಮ್ಮ ಸಂಜೆ 7ಕ್ಕೆ ಕರೆ ಮಾಡುತ್ತೇನೆ." ಸಿಟ್ಟು ಇದೆ ಎಂದು ಒಪ್ಪಿದ್ದೂ ಆಯಿತು, ಎಷ್ಟು ಹೊತ್ತು ಎಂದು ಹೇಳಿದ್ದೂ ಆಯಿತು. ಹೇಳಿದ ಹೊತ್ತಿಗೆ ಕರೆ ಮಾಡಲೇಬೇಕು. ಒಂದು ಸಲ ತಪ್ಪಿದರೂ ಆ ಏರ್ಪಾಡು ಸತ್ತ ಹಾಗೆ.

ಕೊಡಿಯಾಲಬೈಲಿನವರೇ, ಆ ಕ್ಷಣವೇ ಮುಗಿಸಲು ಇಬ್ಬರಿಗೂ ಬಿಡುವು ಬೇಕಲ್ಲ. ನನ್ನ ಪಾಳಿ ಶುರುವಾಗಲು 15 ನಿಮಿಷ ಇರುವಾಗ ಮುಗಿಸಲು ಹೋಗಿ ಇನ್ನಷ್ಟು ಕೆಡಿಸಿಕೊಂಡದ್ದು ನನಗೆ ನೆನಪಿದೆ.

ಇನ್ನೊಂದು ಪದ್ಧತಿಯೂ ಇತ್ತು. ಜಗಳದ ನಂತರದ ಕರೆಯ ಮೊದಲ ಮಾತು ಯಾವಾಗಲೂ "ಒಣಸ್ ಆಂಡಾ?" ಊಟ ಆಯಿತಾ ಎಂದು ಕೇಳದೆ ಬೇರೆ ಮಾತಿಲ್ಲ. ಏನು ಪದಾರ್ಥ, ಯಾರು ಮಾಡಿದ್ದು, ಬಂಗುಡೆ ಸಿಕ್ಕಿತೇ, ಎಷ್ಟು ಕೊಟ್ಟಿರಿ. ಐದು ನಿಮಿಷ ಇದೇ. ಒಟ್ಟಿಗೆ ಉಣ್ಣಲು ಆಗದವರು ಉಂಡದ್ದನ್ನಾದರೂ ಹಂಚಿಕೊಳ್ಳಬಹುದು. ಆಮೇಲೆ ಜಗಳದ ವಿಷಯಕ್ಕೆ ಬಂದರೆ ದನಿ ಬೇರೆಯೇ ಇರುತ್ತಿತ್ತು.

---

ಕೊಡಿಯಾಲಬೈಲ್ · ರಾತ್ರಿ 11:41

ಹೇಳಿ ಮೌನ ಹಿಡಿಯುವುದು ಎಂಬ ಮಾತು ಒಪ್ಪುತ್ತೇನೆ. 20 ಗಂಟೆ ಎಂಬುದು ಈಗಲೂ ಹೆಚ್ಚು ಎನ್ನಿಸುತ್ತದೆ. ನನ್ನ ಹೆಂಡತಿ ಮೆಲ್ಬರ್ನ್‌ನಲ್ಲಿ. ನಾನು ಅಷ್ಟು ಹೊತ್ತು ಸುಮ್ಮನಿದ್ದರೆ ಅವಳಿಗೆ ನಿದ್ದೆಯೇ ಬರುವುದಿಲ್ಲ, ಮತ್ತೆ ಉಂಡು ಮಲಗುವುದೆಲ್ಲಿ? ಎಲ್ಲರಿಗೂ ಒಂದೇ ಅಳತೆ ಆಗುವುದಿಲ್ಲ.

---

ಮೂಲ್ಕಿಯ ಅಮ್ಮ · ಶುಕ್ರವಾರ ಬೆಳಿಗ್ಗೆ 6:25

ಮಗಳು ಟೈಪ್ ಮಾಡುತ್ತಿದ್ದಾಳೆ, ಹೇಳುತ್ತಿರುವುದು ನಾನು.

ನನ್ನ ಮದುವೆ 1987ರಲ್ಲಿ. ಅವರು ಕುವೈತಿನಲ್ಲಿ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಆಗ ಕಾಗದ ಬರಲು ಎರಡು ವಾರ. ಯಾರಾದರೂ ಊರಿಗೆ ಬಂದರೆ ಕ್ಯಾಸೆಟ್ ಕಳುಹಿಸುತ್ತಿದ್ದರು. ಒಂದು ಬದಿಯಲ್ಲಿ ಅವರು ಮಾತನಾಡಿರುತ್ತಿದ್ದರು, ಇನ್ನೊಂದು ಬದಿಯಲ್ಲಿ ನಾವು ಮಾತನಾಡಿ ಹಿಂದಕ್ಕೆ ಕಳುಹಿಸುವುದು. ಇಡೀ ಮನೆಯವರು ಸುತ್ತ ಕುಳಿತು ಕೇಳುವಾಗ ಗಂಡನ ಹತ್ತಿರ ಏನು ಜಗಳ ಮಾಡುವುದು ಹೇಳಿ. ಸಿಟ್ಟು ಬಂದರೂ ಕ್ಯಾಸೆಟ್ ತಲುಪುವ ಹೊತ್ತಿಗೆ ನನಗೇ ಮರೆತಿರುತ್ತಿತ್ತು.

1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತಿಗೆ ನುಗ್ಗಿತು. ನನಗೆ ಆಗ ಏಳು ತಿಂಗಳು. ಆಕಾಶವಾಣಿಯ ವಾರ್ತೆ ಬಿಟ್ಟರೆ ಬೇರೆ ಸುದ್ದಿ ಇಲ್ಲ. 43 ದಿನ ಇದ್ದಾರೋ ಇಲ್ಲವೋ ಎಂದು ಗೊತ್ತಿರಲಿಲ್ಲ. ಬಂದ ನೆಂಟರೆಲ್ಲ ತಾಳು, ತಾಳು ಎನ್ನುತ್ತಿದ್ದರು. ನನ್ನ ಅತ್ತೆ ಮಾತ್ರ ಆ 43 ದಿನವೂ ಆ ಮಾತು ಆಡಲಿಲ್ಲ. ದಿನಾ ನನ್ನ ಪಕ್ಕದಲ್ಲಿ ಕುಳಿತು ಗಂಜಿ ಉಂಡರು, ಅಷ್ಟೇ. ನಾನು ಉಣ್ಣದಿದ್ದರೆ ಅವರೂ ಉಣ್ಣುತ್ತಿರಲಿಲ್ಲ. ಬಸುರಿ, ಅತ್ತೆ ಹಸಿದಿರುವಾಗ ಹೇಗೆ ಬಿಡುವುದು? ಉಂಡೆ.

ಕೊನೆಗೆ ಜೋರ್ಡಾನಿನ ಅಮ್ಮಾನಿಗೆ ತಲುಪಿದ್ದಾರೆ, ವಿಮಾನಕ್ಕೆ ಸರದಿ ಕಾಯುತ್ತಿದ್ದಾರೆ ಎಂದು ಸುದ್ದಿ ಬಂತು. ಅಲ್ಲಿಂದ ಮುಂಬೈಗೆ ನಮ್ಮ ದೇಶದ ವಿಮಾನಗಳು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದವು. ನಾನು ಆಗ ಹುಚ್ಚು ಹಿಡಿದವಳ ಹಾಗೆ ಇವತ್ತೇ ಏಕೆ ಬರಲಿಲ್ಲ, ನಾಳೆ ಏಕೆ ಬರುವುದಿಲ್ಲ ಎಂದು ಅಳಲು ಶುರು ಮಾಡಿದೆ. ಆಗ ಅತ್ತೆ ಮೊದಲ ಸಲ ಹೇಳಿದರು: "ಬೇಯುವ ತನಕ ಕಾದವಳಿಗೆ ಆರುವ ತನಕ ಕಾಯಲು ಆಗುವುದಿಲ್ಲವೇ?" ಹನ್ನೊಂದನೆಯ ದಿನ ಮುಂಬೈಯಿಂದ ಬಸ್ಸಿನಲ್ಲಿ ಬಂದರು, ಕೈಯಲ್ಲಿ ಒಂದು ಚೀಲವೂ ಇರಲಿಲ್ಲ.

ಅನ್ನ ಬೆಂದಿದೆ ಎಂದು ಗೊತ್ತಾದ ಮೇಲೆ ಆಡುವ ಮಾತು ಅದು. ಒಲೆಯ ಮೇಲೆ ಏನಿದೆ ಎಂದೇ ಗೊತ್ತಿಲ್ಲದಾಗ ಅತ್ತೆ ಅದನ್ನು ಆಡಲಿಲ್ಲ. ಕಾಪುವಿನ ಮಗಳೇ, ನಿನ್ನ ಅತ್ತೆ ನಿನ್ನನ್ನು ಊಟಕ್ಕೆ ಕರೆಯಲು ಬಂದವರು. ಅವರು ಆಡಿದ ಗಾದೆಯನ್ನು ಬಿಡು, ತಟ್ಟೆಯನ್ನು ನೋಡು.

---

ಸುರತ್ಕಲ್ ಸಂಜೆ · ಬೆಳಿಗ್ಗೆ 7:02

ಅಮ್ಮಾ, ಓದುತ್ತಾ ಕಣ್ಣು ತುಂಬಿತು. ಆಗಿನ ಮಗು ಯಾರು, ಟೈಪ್ ಮಾಡುತ್ತಿರುವ ಮಗಳೇ?

---

ಮೂಲ್ಕಿಯ ಅಮ್ಮ · ಬೆಳಿಗ್ಗೆ 7:10

ಹೌದು, ನಾನೇ. ಅಪ್ಪ ಬಂದ ಮೇಲೆ ಹುಟ್ಟಿದೆ.

---

ಬೈಂದೂರು ಅಪ್ಪ · ಬೆಳಿಗ್ಗೆ 8:40

ಎಲ್ಲರೂ ಹೆಂಡತಿ ಕಾಯುವ ಕಥೆಯನ್ನೇ ಹೇಳುತ್ತಿದ್ದೀರಿ. ಕಾಯುತ್ತಿರುವವನು ನಾನು. ಹೆಂಡತಿ 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಹೋದಳು, ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ. ಊರಿನಲ್ಲಿ ನರ್ಸಿಂಗ್ ಓದಿದವಳು. ಕಳುಹಿಸಿದ ಮಧ್ಯವರ್ತಿ, ಆರು ತಿಂಗಳಲ್ಲಿ ಗಂಡ ಮಗುವನ್ನೂ ಕರೆಸಿಕೊಳ್ಳಬಹುದು ಎಂದಿದ್ದ. ಆದರೆ ಆ ಕೆಲಸಕ್ಕೆ ಹೊಸದಾಗಿ ಹೋಗುವವರು ಕುಟುಂಬವನ್ನು ಕರೆಸಿಕೊಳ್ಳುವಂತಿಲ್ಲ ಎಂಬ ನಿಯಮ 2024ರ ಮಾರ್ಚ್ 11ಕ್ಕೇ ಬಂದಿತ್ತು. ನಮಗೆ ಅವಳು ಹೋದ ಮೇಲೆ ತಿಳಿಯಿತು.

ಆಗ ಎಲ್ಲರೂ ತಾಳು ಎಂದರು. ಎಷ್ಟು ವರ್ಷ ತಾಳುವುದು? ಆ ಕೆಲಸದಲ್ಲೇ ಇದ್ದರೆ ನಾನು ಇಲ್ಲಿ ಕುಳಿತು ತಾಳಿದ ಮಾತ್ರಕ್ಕೆ ನಿಯಮ ಬದಲಾಗುವುದಿಲ್ಲ. ಗಾದೆ ಹಿಡಿದು ಕುಳಿತದ್ದರಿಂದ ಒಂದು ವರ್ಷ ಹಾಳಾಯಿತು ಎಂದೇ ನನ್ನ ಅಭಿಪ್ರಾಯ. ಆಮೇಲೆ ಅವಳ ಜೊತೆ ಕೆಲಸ ಮಾಡುವ ಒಬ್ಬರು ದಾರಿ ತೋರಿಸಿದರು. ಅಲ್ಲಿ ನೋಂದಾಯಿತ ದಾದಿಯಾಗಿ ಕೆಲಸಕ್ಕೆ ಸೇರಿದವರು ಕುಟುಂಬವನ್ನು ಕರೆಸಿಕೊಳ್ಳಬಹುದು. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಬೇಕು, ಅದರ ಜೊತೆಗೆ ಕಂಪ್ಯೂಟರಿನಲ್ಲಿ ಬರೆಯುವುದೊಂದು, ರೋಗಿಯನ್ನು ನೋಡಿಕೊಳ್ಳುವುದನ್ನು ಮಾಡಿ ತೋರಿಸುವುದೊಂದು. ಮೊದಲಿನ ಎರಡು ಮುಗಿದಿವೆ, ಮಾಡಿ ತೋರಿಸುವುದು ಉಳಿದಿದೆ. ಅವಳು ಪಾಳಿ ಮುಗಿಸಿ ಓದುತ್ತಾಳೆ. ನಾನು ಮಗಳನ್ನು ಮಲಗಿಸಿ ಅವಳಿಗೆ ಪ್ರಶ್ನೆ ಕೇಳುತ್ತೇನೆ. ನನಗೆ ವೈದ್ಯಕೀಯ ಏನೂ ಗೊತ್ತಿಲ್ಲ, ಪುಸ್ತಕ ನೋಡಿ ಓದುವುದು. ವಾರಕ್ಕೆ ನಾಲ್ಕು ರಾತ್ರಿ. ನಮ್ಮ ಜಗಳ ನಿಂತದ್ದು ಇದು ಶುರುವಾದ ಮೇಲೆ.

ನನಗೆ ಕೈಹಿಡಿದ ಗಾದೆ "ಕೈ ಕೆಸರಾದರೆ ಬಾಯಿ ಮೊಸರು." ಅದರಲ್ಲಿ ಕಾಯುವುದೂ ಇದೆ, ಕಾಯುವಾಗ ಕೈ ಏನು ಮಾಡಬೇಕು ಎಂಬುದೂ ಇದೆ.

---

ದೇರಾದ ಬಂಟ್ವಾಳ · ಬೆಳಿಗ್ಗೆ 9:15

ಬೈಂದೂರಿನವರೇ, ನಿಮ್ಮ ಮಾತು ನನಗೆ ತಟ್ಟಿತು. ನಿನ್ನೆ ತಾಳ್ಮೆ ಕಡಿಮೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪಕ್ಕದ ಕೋಣೆಯವನು ಕರೆಗೆ ಯಾವ ಆ್ಯಪ್ ಒಳ್ಳೆಯದು ಎಂದು ಕೇಳುತ್ತಿದ್ದಾನೆ. ಇಲ್ಲಿ ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ನಾನು ಹಣ ಕಟ್ಟಿ ಬೋಟಿಮ್ ಬಳಸುತ್ತೇನೆ. ಬೇರೆ ಯಾವುದಾದರೂ ಇದೆಯೇ?

---

ಕೊಡಿಯಾಲಬೈಲ್ · ಬೆಳಿಗ್ಗೆ 9:21

ಅದಕ್ಕೆ ಬೇರೆ ಚರ್ಚೆ ತೆರೆಯಿರಿ ಅಣ್ಣ, ಇಲ್ಲಿ ಕಳೆದುಹೋಗುತ್ತದೆ.

---

ಕದ್ರಿ ವಕೀಲೆ · ಬೆಳಿಗ್ಗೆ 11:30

ಕಾಪುವಿನವರ ವಿಷಯ ಗಡಿಯಾರದ್ದು, ಅದು ಸರಿಹೋಗುತ್ತದೆ. ಆದರೆ ಇದನ್ನು ಓದುತ್ತಿರುವ ಬೇರೆ ಹೆಣ್ಣುಮಕ್ಕಳಿಗಾಗಿ ಒಂದು ಮಾತು ಹೇಳಲೇಬೇಕು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ನಾಲ್ಕೈದು ವರ್ಷ ತಾಳಿ ಆಮೇಲೆ ಬರುತ್ತಾರೆ. ಅಷ್ಟು ಹೊತ್ತಿಗೆ ಗಂಡನ ವಿಳಾಸವೂ ಅವರ ಬಳಿ ಇರುವುದಿಲ್ಲ.

ಕಾಯುವಿಕೆ ಸರಿಯಾದದ್ದೋ ಅಲ್ಲವೋ ಎಂದು ತಿಳಿಯಲು ನಾನು ಕೇಳುವುದು ಮೂರು ಪ್ರಶ್ನೆ. ಅವರು ವಾಸಿಸುವ ಮನೆಯ ವಿಳಾಸ, ಕೆಲಸದ ಜಾಗ ನಿಮಗೆ ಗೊತ್ತಿದೆಯೇ? ನಿಮ್ಮ ಹೆಸರಿನಲ್ಲಿ ಹಾಕಿದ ಅರ್ಜಿಯ ಸಂಖ್ಯೆಯನ್ನು ನೀವು ಕಣ್ಣಾರೆ ನೋಡಿದ್ದೀರಾ? ಮುಂದಿನ ವರ್ಷ ಎಂದು ಎಷ್ಟು ಸಲ ಹೇಳಿದ್ದಾರೆ, ಪ್ರತಿ ಸಲ ಕಾರಣ ಬದಲಾಗುತ್ತಿದೆಯೇ? ಈ ಮೂರಕ್ಕೂ ಉತ್ತರ ಕೆಟ್ಟದಾಗಿದ್ದರೆ ದಯವಿಟ್ಟು ತಾಳಬೇಡಿ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆಯ ದೂರುಗಳಿಗೆಂದೇ ಒಂದು ವಿಭಾಗವಿದೆ. ಮದುವೆಯ ನೋಂದಣಿ ಪತ್ರ, ಅವರ ಪಾಸ್‌ಪೋರ್ಟಿನ ಪ್ರತಿ, ಹಳೆಯ ಸಂದೇಶಗಳು, ಇವನ್ನು ಈಗಲೇ ತೆಗೆದಿಡಿ. ದೂರು ಕೊಡಲಿ ಬಿಡಲಿ, ಇವು ಕೈಯಲ್ಲಿರಬೇಕು.

---

ಸುರತ್ಕಲ್ ಸಂಜೆ · ಮಧ್ಯಾಹ್ನ 12:05

ಮೂರನೆಯ ಪ್ರಶ್ನೆ ನನ್ನ ಅಕ್ಕನದ್ದೇ. ಆರು ವರ್ಷ, ಆರು ಕಾರಣ. ನಿಮಗೆ ಪ್ರತ್ಯೇಕವಾಗಿ ಸಂದೇಶ ಕಳುಹಿಸುತ್ತೇನೆ ಮೇಡಂ.

---

ಕುಂದಾಪುರದ ಮೇಷ್ಟ್ರು · ಮಧ್ಯಾಹ್ನ 12:40

"ಅತಿಯಾದರೆ ಅಮೃತವೂ ವಿಷ" ಎಂಬ ಗಾದೆಯೂ ನಮ್ಮದೇ. ತಾಳು ಎನ್ನುವವರು ಅದನ್ನು ಜೊತೆಗೆ ಹೇಳುವುದಿಲ್ಲ.

---

ಕಾಪುವಿನ ಸೊಸೆ · ಶನಿವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಅವರಿಗೆ ಸಂದೇಶ ಹಾಕಿದೆ: "ಭಾನುವಾರ ನಿಮ್ಮ ಗಡಿಯಾರ ಬದಲಾಯಿತು, ನಮಗೆ ಇಬ್ಬರಿಗೂ ಗೊತ್ತಾಗಲಿಲ್ಲ. ನಾಳೆ ನನ್ನ ಸಂಜೆ 7ಕ್ಕೆ, ನಿಮ್ಮ ಬೆಳಿಗ್ಗೆ 8:30ಕ್ಕೆ ಕರೆ ಮಾಡುತ್ತೇನೆ." ಇವತ್ತು ಮಾಡಿದೆ. ಊಟ ಆಯಿತಾ ಎಂದು ಕೇಳಿದೆ. ಅಲ್ಲಿ ಬೆಳಿಗ್ಗೆ, ಆದರೂ ಕೇಳಿದೆ. ನಿನ್ನೆ ರಾತ್ರಿ ಅನ್ನ, ಮೊಸರು, ನಾನು ಕಳುಹಿಸಿದ್ದ ಮಿಡಿ ಉಪ್ಪಿನಕಾಯಿ ಎಂದರು. ಉಪ್ಪಿನಕಾಯಿ ಬಾಟಲಿಯ ತಳ ತೋರಿಸಿದರು. ಆಮೇಲೆ ಇಬ್ಬರೂ ಅತ್ತೆವು. ಕರೆ ಯಾರು ಕಡಿದದ್ದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಹೇಳಿದ ಒಂದು ಮಾತನ್ನು ಅವರು ಮರೆತಿಲ್ಲ, ಅದು ಅವರ ಮುಖದಲ್ಲಿ ಕಾಣುತ್ತಿತ್ತು.

ಅತ್ತೆಯ ಹತ್ತಿರವೂ ಮಾತನಾಡಿದೆ. ಮಾವ ಮುಂಬೈಯ ಹೋಟೆಲಿನಲ್ಲಿ 19 ವರ್ಷ ಇದ್ದರು, ವರ್ಷಕ್ಕೆ ಒಂದು ಸಲ ಬರುತ್ತಿದ್ದರು ಎಂದು ಮಾತ್ರ ನನಗೆ ಗೊತ್ತಿತ್ತು. "ಉಂಡು ಮಲಗುವ ತನಕ ಎಂದು ನನಗೂ ಹೇಳುತ್ತಿದ್ದರು. ನಾನೂ ನಿನ್ನ ಹಾಗೆಯೇ ಕೇಳಬೇಕು ಎಂದುಕೊಂಡಿದ್ದೆ, ಕೇಳಲಿಲ್ಲ" ಎಂದರು. ಇಷ್ಟು ದಿನ ಒಟ್ಟಿಗೆ ಇದ್ದೂ ನಾನು ಇದನ್ನು ಕೇಳಿರಲಿಲ್ಲ. ಇವತ್ತು ಇಬ್ಬರೂ ಒಟ್ಟಿಗೆ ಕುಳಿತು ಉಂಡೆವು.

---

ಪಡುಬಿದ್ರಿ ರಾತ್ರಿಪಾಳಿ · ರಾತ್ರಿ 9:14

ಸಂತೋಷವಾಯಿತು. ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅವರ ಗಡಿಯಾರ ಮತ್ತೆ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಗ ಅವರು 10:30ಕ್ಕೆ ಕರೆ ಮಾಡಿದರೆ ನಿಮಗೆ ಪುನಃ 8 ಗಂಟೆ.

---

ಮದುವೆಮನೆ ಕಾರ್ಕಳ · ರಾತ್ರಿ 9:30

ಕೇಕಿಗೆ "ಊಟ ಆಯಿತಾ?" ಎಂದೇ ಬರೆಸಿದೆ. ಸರಿಯಾಗಿ ಹಿಡಿಸಿತು. ಅತ್ತಿಗೆಗೆ ಇನ್ನೂ ತೋರಿಸಿಲ್ಲ, ನಾಳೆ ಅಣ್ಣ ಕರೆಯಲ್ಲಿ ಬಂದ ಮೇಲೆ ಪೆಟ್ಟಿಗೆ ತೆರೆಯುತ್ತೇವೆ.